ಖಾಲಿ ಬಿಟ್ಟ ಚೌಕ

ರೈಲ್ವೆಯ ರಿಸರ್ವೇಷನ್ ಫಾರಂ ಮೇಲೆ ಒಂದು ಸಣ್ಣ ಚೌಕವಿದೆ. ಹೆಚ್ಚು ದುಡ್ಡು ಕೊಡದೆ ಮೇಲಿನ ದರ್ಜೆಗೆ ಹೋಗಲು ಒಪ್ಪಿಗೆಯೇ, ಹೌದು ಅಥವಾ ಇಲ್ಲ ಎಂದು ಬರೆಯಿರಿ ಅನ್ನುತ್ತದೆ ಅದು. ಏನೂ ಬರೆಯದಿದ್ದರೆ ಹೌದು ಎಂದೇ ಲೆಕ್ಕ. ನಾನು ಬರೆಯಲಿಲ್ಲ. ಚಳ್ಳಕೆರೆ ಸ್ಟೇಷನ್ನಿನ ಬುಕಿಂಗ್ ಕಿಟಕಿಯ ಮುಂದೆ, ಹಿಂದಿನವರು ಬೆನ್ನಿಗೆ ಮೊಣಕೈ ಊರಿಕೊಂಡು ನಿಂತಿರುವಾಗ ಆ ಚೌಕವನ್ನು ಹುಡುಕಿ ಓದುವವರು ಯಾರಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ. ನಾನು ರವಿಕೆ ಹೊಲಿದು ಬದುಕುವವಳು. ಹೆಸರು, ವಯಸ್ಸು, ರೈಲಿನ ನಂಬರು ಬರೆದೆ, ಅವ್ವನಿಗೆ ಕೆಳಗಿನ ಬರ್ತ್ ಬೇಕು ಅಂತ ಎರಡು ಸಲ ಬಾಯಲ್ಲೂ ಹೇಳಿದೆ. ಸ್ಲೀಪರಿನಲ್ಲಿ ಅವ್ವನಿಗೆ ಕೆಳಗಿನ ಬರ್ತೇ ಸಿಕ್ಕಿತು. ಅವಳ ಮಂಡಿಗೆ ಬೇಕಾಗಿದ್ದದ್ದು ಅಷ್ಟೇ.

ಪುಣೆಯಲ್ಲಿರುವ ನನ್ನ ತಂಗಿಗೆ ಹೆರಿಗೆಯಾಗಿತ್ತು. ನಮ್ಮದು ಕುರಿ ಸಾಕುತ್ತಿದ್ದ ಮನೆತನ. ಮಗುವನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವಾಗ ತವರಿನ ಕರೇ ಕಂಬಳಿಯ ಮೇಲೆ ಮಲಗಿಸಿ ಎತ್ತಬೇಕು. ಆ ಕಂಬಳಿ ಹೊಸದಿರಬೇಕು, ಅಲ್ಲಿಯವರೆಗೆ ಯಾರ ಕಾಲೂ ತಾಕಬಾರದು. ಅವ್ವ ಹಟ್ಟಿಯಲ್ಲಿರುವ ನೆಂಟರ ಕುರಿಗಳ ಉಣ್ಣೆ ಕೊಟ್ಟು ನೇಯಿಸಿ, ಅದನ್ನು ಹಳೆ ಸೀರೆಯಲ್ಲಿ ಸುತ್ತಿ ಗಂಟು ಕಟ್ಟಿಕೊಂಡಿದ್ದಳು. ಬಳ್ಳಾರಿಯ ಬಸ್ಸಿನಲ್ಲೂ ಅದನ್ನು ಮೇಲಿನ ಕ್ಯಾರಿಯರಿಗೆ ಹಾಕಲು ಬಿಡದೆ ತೊಡೆಯ ಮೇಲೇ ಇಟ್ಟುಕೊಂಡಳು.

ಬಸ್ಸಿನಲ್ಲಿದ್ದಾಗ ನನ್ನ ಫೋನಿಗೆ ಇಂಗ್ಲಿಷಿನಲ್ಲಿ ಒಂದು ಮೆಸೇಜು ಬಂತು. ನಮ್ಮ ಟಿಕೆಟ್ಟಿನ ನಂಬರು ಕಾಣಿಸಿತು, ಚಾರ್ಟ್ ಆಗಿದೆ ಅಂತ ತಿಳಿಯಿತು. ಟಿಕೆಟ್ ಗಟ್ಟಿಯಾಯಿತು ಅಂದುಕೊಂಡು ಫೋನನ್ನು ಬ್ಯಾಗಿಗೆ ಹಾಕಿದೆ. ಮೊದಲೇ ಗಟ್ಟಿಯಾಗಿದ್ದ ಟಿಕೆಟ್ಟು ಮತ್ತೆ ಯಾಕೆ ಗಟ್ಟಿಯಾಗಬೇಕು ಅಂತ ನನಗೆ ಹೊಳೆಯಲಿಲ್ಲ.

ಬಳ್ಳಾರಿಯಿಂದ ಗುಂತಕಲ್ಲಿಗೆ ಹೋಗಿ, ಸಂಜೆ ಅಲ್ಲಿ ಪುಣೆಯ ರೈಲು ಹತ್ತಿ ನಮ್ಮ ಜಾಗಕ್ಕೆ ಹೋದರೆ ಅಲ್ಲಿ ಗಂಡ, ಹೆಂಡತಿ ಇಬ್ಬರು ಬುತ್ತಿ ಬಿಚ್ಚಿ ಕೂತಿದ್ದರು. ನಾನು ಸೊಂಟ ಕಟ್ಟಿಕೊಂಡು ಜಗಳಕ್ಕೇ ನಿಂತೆ. ಅವರೂ ಬಿಡಲಿಲ್ಲ, ತಮ್ಮ ಫೋನು ತೋರಿಸಿದರು. ಅಷ್ಟರಲ್ಲಿ ಟಿಕೆಟ್ ನೋಡುವವರು ಬಂದು ಇಬ್ಬರ ನಂಬರನ್ನೂ ನೋಡಿದರು.

“ಅಮ್ಮ, ನಿಮ್ದು ಅಪ್‌ಗ್ರೇಡ್ ಆಗೈತೆ. ಥರ್ಡ್ ಏಸಿ. ಬಿ-ಟೂ ಬೋಗಿಗೆ ಹೋಗ್ರಿ” ಅಂದರು.

“ನಾವು ಏಸಿ ಕೇಳೇ ಇಲ್ಲವಲ್ರೀ!”

“ಬೇಡ ಅಂತನೂ ಬರೆದಿಲ್ಲ. ಏಸೀಲಿ ಸೀಟು ಖಾಲಿ ಉಳೀತು ಅಂದ್ರೆ ಚಾರ್ಟ್ ಮಾಡೋವಾಗ ಕಂಪ್ಯೂಟರೇ ಪೂರ್ತಿ ಚಾರ್ಜ್ ಕೊಟ್ಟೋರನ್ನ ಮೇಲಕ್ಕೆ ಕಳಿಸ್ತೈತೆ. ಇಲ್ಲಿ ಬಿಟ್ಟ ಜಾಗ ವೇಟಿಂಗ್‌ನೋರಿಗೆ. ದುಡ್ಡೇನೂ ಕೊಡೋದು ಬೇಡ.”

ವಯಸ್ಸಾದವರಿಗೆ ಹಿಂದೆ ಕೊಡುತ್ತಿದ್ದ ರಿಯಾಯಿತಿ ಈಗ ಇಲ್ಲ. ಹಾಗಾಗಿ ಅವ್ವನದೂ ಪೂರ್ತಿ ಚಾರ್ಜಿನ ಟಿಕೆಟ್ಟೇ. ಅವಳೂ ಲೆಕ್ಕಕ್ಕೆ ಸಿಕ್ಕಿದ್ದಳು. ಬುತ್ತಿ ಬಿಚ್ಚಿದ್ದ ಹೆಂಗಸು ಕೈ ತೊಳೆದುಕೊಂಡು ಬಂದು ನಮ್ಮ ಚೀಲ ಎತ್ತಿಕೊಟ್ಟಳು. ಇವಳ ಜೊತೆಗಾ ನಾನು ಜಗಳ ಆಡಿದ್ದು ಅನ್ನಿಸಿತು. ಬೋಗಿಯಿಂದ ಬೋಗಿಗೆ ಅವ್ವನನ್ನು ನಡೆಸಿಕೊಂಡು ಹೊರಟೆ. ಏಸಿ ಅಂದರೆ ನನಗೂ ಒಳಗೊಳಗೇ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಬಿ-ಟೂಗೆ ಹೋಗಿ ನೋಡಿದರೆ ನನ್ನದು ಸೈಡಿನ ಮೇಲಿನ ಬರ್ತ್. ಅವ್ವನದು ಮೂರು ಬರ್ತುಗಳಲ್ಲಿ ತೀರಾ ಮೇಲಿನದು. ಕೇಳಿ ಪಡೆದ ಕೆಳಗಿನ ಬರ್ತ್ ಹೋಗಿ, ಕೇಳದ ಏಸಿ ಬಂದಿತ್ತು. ಅವ್ವ ಅಷ್ಟು ಎತ್ತರಕ್ಕೆ ತಲೆ ಎತ್ತಿ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡಳು.

ಅವ್ವನ ಬರ್ತಿನ ನೇರ ಕೆಳಗೆ ಕೂತಿದ್ದವನು ಮೊಳಕಾಲ್ಮುರಿನ ರೇಷ್ಮೆ ಸೀರೆಯ ವ್ಯಾಪಾರಿ. ಎರಡು ದೊಡ್ಡ ಪೆಟ್ಟಿಗೆಗಳನ್ನು ಸೀಟಿನ ಕೆಳಗೆ ತುರುಕಿಕೊಂಡು, ಫೋನಿನಲ್ಲಿ ಒಮ್ಮೆ ತೆಲುಗು ಒಮ್ಮೆ ಕನ್ನಡ ಮಾತಾಡುತ್ತಿದ್ದ. ನಮ್ಮ ಕಡೆಯವನು ಅಂತ ತಿಳಿದು ನನಗೆ ಜೀವ ಬಂದಂತಾಯಿತು.

“ಅಣ್ಣಾ, ನಾವು ಚಳ್ಳಕೆರೆಯೋರು. ಅವ್ವಂಗೆ ಮಂಡಿ ನೋವು ಐತೆ. ಒಂದು ರಾತ್ರಿ ನೀವು ಮೇಲೆ ಮಲಗಿದ್ರೆ...”

ಅವನು ನಮ್ಮ ಗಂಟನ್ನು ನೋಡಿದ. “ಸ್ಲೀಪರ್ ಟಿಕೆಟ್‌ನೋರಾ ನೀವು?”

“ಹೂಂ, ಅಪ್‌ಗ್ರೇಡ್ ಆಗೈತೆ.”

“ಏಮಮ್ಮಾ, ನಾನು ಡಬ್ಬಲ್ಲಿಗಿಂತ ಜಾಸ್ತಿ ಕೊಟ್ಟು ಕುಂತೀನಿ. ಬಿಟ್ಟಿ ಬಂದೋರಿಗೆ ನಾನ್ಯಾಕೆ ಜಾಗ ಬಿಡಲಿ? ಆ ಕಂಬಳಿ ವಾಸನೆ ಬೇರೆ. ಅದನ್ನ ಸೀಟಿನ ಕೆಳಗೆ ತಳ್ಳಿ.”

ಸೀಟಿನ ಕೆಳಗೆ ಅಂದರೆ ಎಲ್ಲರ ಕಾಲ ಕೆಳಗೆ. ಮೊಳಕಾಲ್ಮುರಿನವನಿಗೆ ಹೊಸ ಕಂಬಳಿ ಅಂದರೇನು ಅಂತ ಗೊತ್ತಿಲ್ಲದೇ ಇರುತ್ತದೆಯೇ? ನನಗೆ ನಖಶಿಖಾಂತ ಉರಿಯಿತು.

“ಬಿಟ್ಟಿ ಅಂದ್ರೇನ್ರೀ? ಖಾಲಿ ಹೋಗೋ ಜಾಗ ಕೊಟ್ಟವ್ರೆ. ನಿಮ್ಮ ಜೇಬಿಂದ ಏನು ಹೋಯ್ತು? ನಮ್ಮ ಜಾಗ ಇನ್ನೊಬ್ಬರಿಗೆ ಸಿಕ್ತು. ಎಲ್ಲಾರಿಗೂ ಒಳ್ಳೇದೇ ಆಯ್ತಲ್ಲ!”

ಅವನು ಸುಮ್ಮನಾಗಲಿಲ್ಲ. ಏಸಿ ಬೋಗಿಯ ಟಿಕೆಟ್ ಪರೀಕ್ಷಕರು ಬಂದಾಗ, ಇವರನ್ನು ಸ್ಲೀಪರಿಗೇ ಕಳಿಸಿ ಅಂತ ಹಟ ಹಿಡಿದ. ಪರೀಕ್ಷಕರು ತಮ್ಮ ಕೈಯ ಟ್ಯಾಬು ನೋಡಿದರು. ಇವರ ಹೆಸರು ನನ್ನ ಚಾರ್ಟಿನಲ್ಲಿದೆ, ಹಳೆ ಬರ್ತ್ ಬೇರೆಯವರ ಹೆಸರಿಗೆ ಹೋಗಿದೆ, ಇವರನ್ನು ಕಳಿಸುವ ಹಕ್ಕು ನನಗೂ ಇಲ್ಲ ನಿಮಗೂ ಇಲ್ಲ ಅಂದರು. ನಾನು ಎದೆ ಸೆಟೆಸಿ ನಿಂತೆ. ಆಮೇಲೆ ಅವರೇ, ಅಜ್ಜಿಗೆ ಕೆಳಗೆ ಯಾರಾದರೂ ಜಾಗ ಬಿಡುತ್ತೀರಾ ಎಂದು ಕೇಳಿದರು. ಎದುರಿನ ಕೆಳಬರ್ತಿನಲ್ಲಿದ್ದವರ ಕಾಲಿಗೆ ಬ್ಯಾಂಡೇಜು. ನನ್ನ ಬರ್ತಿನ ಕೆಳಗೆ ಎಳೆ ಮಗು ಮಲಗಿಸಿಕೊಂಡ ಹೆಂಗಸು. ಅವರಿಬ್ಬರನ್ನೂ ಕೇಳುವಂತಿರಲಿಲ್ಲ. ಉಳಿದವನು ಇವನೊಬ್ಬನೇ.

“ಸಾರ್, ನನಗೂ ಸೆಕೆಂಡ್ ಏಸಿ ಸಿಗ್ತಿತ್ತೇನೋ. ಕೆಳಗಿನ ಬರ್ತ್ ಹೋಗ್ತೈತೆ ಅಂತ ಗೊತ್ತಿದ್ದೇ ಅಪ್‌ಗ್ರೇಡ್ ಬೇಡ ಅಂತ ಬರ್ದು ಕೊಟ್ಟೋನು ನಾನು. ಈಗ ಇದನ್ನ ಬಿಟ್ಟುಕೊಡೋಕಾ?” ಅಂದ.

ನಿಜ ಹೇಳಬೇಕೆಂದರೆ ಅವನ ಮಾತಿನಲ್ಲಿ ನ್ಯಾಯವಿತ್ತು. ಆ ಜಾಗ ಅವನದು, ಉಳಿಸಿಕೊಳ್ಳಲು ಬೇಕಾದ್ದನ್ನು ಅವನು ಮಾಡಿದ್ದ. ನ್ಯಾಯವಿತ್ತು ಅನ್ನುವುದೇ ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ಪರೀಕ್ಷಕರು, ಬಲವಂತ ಮಾಡೋಕೆ ಬರಲ್ಲಮ್ಮ ಅಂತ ಹೇಳಿ ಮುಂದಕ್ಕೆ ಹೋದರು.

ಅಷ್ಟೊತ್ತೂ ಬಾಯಿ ಬಿಡದಿದ್ದ ಅವ್ವ ನನ್ನ ಕಡೆ ತಿರುಗಿದಳು.

“ಏನೇ ಅದು, ಬೇಡ ಅಂತ ಬರೆಯೋದು?”

“ಫಾರಂನಾಗೆ ಒಂದು ಚೌಕ ಐತಂತವ್ವ. ಮೇಲಕ್ಕೆ ಕಳಿಸೋದು ಬೇಕೋ ಬೇಡವೋ ಅಂತ ಬರೀಬೇಕು.”

“ನೀನೇನು ಬರ್ದೆ?”

“ಏನೂ ಬರೀಲಿಲ್ಲ.”

“ಮತ್ತೆ?”

“ಬರೀದಿದ್ರೆ ಹೂಂ ಅಂತ ಅರ್ಥವಂತೆ.”

ಅವ್ವ ನಕ್ಕಳು. ಒಳ್ಳೆಯ ನಗುವಲ್ಲ ಅದು. “ನನ್ನ ಮದ್ವೇನೂ ಹಿಂಗೇ ಕಣೇ ಆಗಿದ್ದು. ಬಾಗ್ಲು ಹಿಂದೆ ನಿಂತಿದ್ದೆ. ಹುಡ್ಗಿ ಏನಂತಾಳೆ ಅಂದ್ರು. ನಾನು ಸುಮ್ಕಿದ್ದೆ. ಹೂಂ ಅಂದ್ಲು ಅಂತ ವೀಳ್ಯ ಹಂಚಿಬಿಟ್ರು. ಕುರಿ ಮಾರೋವಾಗ ಸುಮ್ಕಿದ್ದೆ, ಹೂಂ. ಹಟ್ಟಿ ಬಿಟ್ಟು ಪೇಟೆಗೆ ಬರೋವಾಗ ಸುಮ್ಕಿದ್ದೆ, ಅದೂ ಹೂಂ. ಈಗ ರೈಲ್ನೋರೂ ಕಲ್ತವ್ರೆ.”

ಅಪ್ಪ ಕೆಟ್ಟವನಲ್ಲ. ಅವನ ಜೊತೆ ಅವ್ವ ಚೆನ್ನಾಗಿಯೇ ಬಾಳಿದಳು ಅಂತ ನಾನು ತಿಳಿದಿದ್ದೆ, ಈಗಲೂ ಹಾಗೇ ತಿಳಿದಿದ್ದೇನೆ. ಆದರೆ ಅವಳನ್ನು ಯಾರೂ ಕೇಳಿರಲಿಲ್ಲ ಅನ್ನುವ ಮಾತು ನಮ್ಮ ಮನೆಯಲ್ಲಿ ಒಂದು ದಿನವೂ ಬಂದಿರಲಿಲ್ಲ. ರೈಲಿನಲ್ಲಿ, ಗುರುತಿಲ್ಲದವರ ಮುಂದೆ, ಅವಳೇ ಅದನ್ನು ಆಡಿದ್ದು ಕೇಳಿ ನನಗೆ ಅಳು ಬಂತು. ಅಳಲಿಲ್ಲ, ಆ ವ್ಯಾಪಾರಿ ನೋಡುತ್ತಿದ್ದ.

ಅವ್ವ ಕಂಬಳಿಯ ಗಂಟನ್ನು ಮೇಲಿನ ಬರ್ತಿಗೆ ಎಸೆದಳು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕಬ್ಬಿಣದ ಮೆಟ್ಟಿಲಿಗೆ ಕಾಲಿಟ್ಟಳು. ನಾನು ಹಿಡಿಯಲು ಹೋದೆ.

“ಮುಟ್ಟಬ್ಯಾಡ. ಜಾಲಿ ಮರ ಹತ್ತಿ ಕುರಿಗೆ ಸೊಪ್ಪು ಕಡ್ದೋಳು ನಾನು.”

ಒಂದು ಮೆಟ್ಟಿಲಿಗೆ ಒಂದು ನರಳಿಕೆ. ನಡುವೆ ಒಮ್ಮೆ ಮಂಡಿ ಹಿಡಿದುಕೊಂಡಿತು, ಅವಳು ಸರಳನ್ನು ಅಪ್ಪಿ ಕಣ್ಣು ಮುಚ್ಚಿ ನಿಂತಳು. ವ್ಯಾಪಾರಿ ಫೋನು ಕೆಳಗಿಟ್ಟು ಎದ್ದು ನಿಂತ.

“ಅಮ್ಮಾ, ಇಳೀರಿ. ನಾನೇ ಮೇಲೆ ಹೋಗ್ತೀನಿ. ಬಿದ್ದುಗಿದ್ದೀರಿ.”

“ಇಳಿಯಂಗಿಲ್ಲ” ಅಂದಳು ಅವ್ವ, ಕಣ್ಣು ಬಿಡದೆ. “ನಿಮ್ಮ ಜಾಗ ನಿಮ್ದು. ಇದು ನಂದು. ನೀವು ಹೋಗು ಅಂದ್ರೆ ಹೋಗೋಳಲ್ಲ, ನೀವು ಬಾ ಅಂದ್ರೆ ಬರೋಳೂ ಅಲ್ಲ.”

ಹತ್ತಿಯೇಬಿಟ್ಟಳು. ರೈಲ್ವೆಯವರು ಕೊಟ್ಟ ಬಿಳಿ ಚಾದರವನ್ನೂ ಬಣ್ಣದ ಹೊದಿಕೆಯನ್ನೂ ಅನುಭವಿಸಲು ಬಂದವಳಂತೆ ಕತ್ತಿನವರೆಗೆ ಎಳೆದುಕೊಂಡು, ಕಂಬಳಿಯ ಗಂಟನ್ನು ತಲೆಯ ಪಕ್ಕದಲ್ಲಿಟ್ಟುಕೊಂಡು ಮಲಗಿದಳು. ನಾನು ಬುತ್ತಿಯನ್ನು ಮೇಲಕ್ಕೇ ಕೊಟ್ಟೆ. ಮಲಗಿಕೊಂಡೇ ರೊಟ್ಟಿ ತಿಂದಳು. ಕೆಳಗಿನವನು ಒಂದು ಬಾಳೆಹಣ್ಣು ನೀಡಿದ. ಅದನ್ನು ಮಾತ್ರ ಬೇಡ ಅನ್ನಲಿಲ್ಲ, ಹಣ್ಣಿನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

ಬೆಳಿಗ್ಗೆ ಪುಣೆಯಲ್ಲಿ ಇಳಿಯುವಾಗ ಮಂಡಿ ಊದಿ ಮಡಕೆಯಾಗಿತ್ತು. ಆದರೂ ತೊಟ್ಟಿಲ ದಿನ ಮೊಮ್ಮಗಳನ್ನು ಕಂಬಳಿಯಿಂದ ಎತ್ತಿದ್ದು ಅವ್ವನೇ. ಕಂಬಳಿಗೆ ಯಾರ ಕಾಲೂ ತಾಕಿರಲಿಲ್ಲ.

ಊರಿಗೆ ವಾಪಸು ಬರುವ ಟಿಕೆಟ್ಟಿಗೆ ಪುಣೆ ಸ್ಟೇಷನ್ನಿಗೆ ಹೋಗುವಾಗ, ನಾನೊಬ್ಬಳೇ ಹೋಗಿಬರುತ್ತೇನೆ ಎಂದರೂ ಕೇಳದೆ ಅವ್ವ ಕುಂಟುತ್ತ ಜೊತೆಗೆ ಬಂದಳು. ಫಾರಂ ತುಂಬಿದೆ. ಅವಳು ಬೆರಳು ಚಾಚಿ ನಿಂತಿದ್ದಳು.

“ಆ ಚೌಕ ಎಲ್ಲೈತೆ, ತೋರ್ಸು.”

ತೋರಿಸಿದೆ. ಅವಳು ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು.

“ಇಷ್ಟೇನಾ?”

“ಇಷ್ಟೇ. ಏನು ಬರೀಲಿ? ಏಸಿ ಚೆನ್ನಾಗಿತ್ತಲ್ಲವ್ವ?”

“ಚೆನ್ನಾಗಿತ್ತು. ಒಳ್ಳೆ ತಣ್ಣಗೆ ನಿದ್ದೆ ಬಂತು” ಅಂದಳು. ಬೆರಳನ್ನು ಮತ್ತೆ ಚೌಕದ ಮೇಲೆ ಊರಿದಳು. “ಬೇಡ ಅಂತ ಬರಿ. ದೊಡ್ಡದಾಗಿ ಬರಿ.”

ಚೌಕದಲ್ಲಿ ಎರಡು ಇಂಗ್ಲಿಷ್ ಅಕ್ಷರಕ್ಕೆ ಮಾತ್ರ ಜಾಗವಿತ್ತು. NO ಎಂದು ಒತ್ತಿ ಬರೆದೆ. ಕಿಟಕಿಯೊಳಗಿದ್ದವರು ಫಾರಂ ಮೇಲೆ ಕಣ್ಣಾಡಿಸಿ ಟಕಟಕನೆ ಕುಟ್ಟತೊಡಗಿದರು. ಅವ್ವನಿಗೆ ಅನುಮಾನ ಬಂತು. ನನ್ನನ್ನು ಪಕ್ಕಕ್ಕೆ ಸರಿಸಿ, ಗಾಜಿಗೆ ಮೂಗು ತಾಗುವಷ್ಟು ಬಾಗಿ, ಕನ್ನಡದ ಗಂಧವೂ ಇಲ್ಲದ ಆ ಮನುಷ್ಯನಿಗೆ ಚಳ್ಳಕೆರೆ ಸಂತೆಯಲ್ಲಿ ಕೂಗುವ ದನಿಯಲ್ಲೇ ಹೇಳಿದಳು:

“ಬೇಡ ಅಂತ ಬರ್ಸೀನಿ ಕಣಪ್ಪ. ಸರಿಯಾಗಿ ಓದ್ಕೋ.”