ಎಂಟೆಂಟು ನಿಮಿಷದ ಕಳೆಯುವ ಲೆಕ್ಕ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ದಿನಾ ನ್ಯಾಮತಿಯಿಂದ ಬಸ್ಸು ಹಿಡಿದು ಒಂದು ಹಳ್ಳಿಯ ಶಾಲೆಗೆ ಪಾಠ ಮಾಡಲು ಹೋಗಿಬರುತ್ತಿದ್ದೆ. ನನಗೆ ಕೊಟ್ಟಿದ್ದು ಮೂರನೇ ಕ್ಲಾಸು. ಅದರಲ್ಲಿ ಮೂವರು ಕೂತಲ್ಲಿ ಕೂರುತ್ತಿರಲಿಲ್ಲ. ಒಬ್ಬ ಹುಡುಗಿಯಂತೂ ಸ್ಲೇಟಿನಲ್ಲಿ ಲೆಕ್ಕ ಶುರುಮಾಡಿ, ಹೊರಗೆ ಕಾಗೆ ಕೂಗಿದರೆ ಸಾಕು, ಎದ್ದು ಕಿಟಕಿಗೆ ಹೋಗಿಬಿಡುವಳು. ಗದರಿದೆ, ಮುಂದಿನ ಸಾಲಿನಲ್ಲಿ ಕೂರಿಸಿದೆ, ಒಂದು ದಿನ ಬೆತ್ತವನ್ನೂ ಎತ್ತಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕಳೆ ಕೀಳುವ ಕೂಲಿಗೆ ಹೋಗುತ್ತಿದ್ದ ಅವಳ ತಾಯಿ ಒಮ್ಮೆ ಶಾಲೆಗೆ ಬಂದಾಗ, ಮನೆಯಲ್ಲಿ ಹೇಗೆ ಸಂಭಾಳಿಸುತ್ತೀರಿ ಎಂದು ಕೇಳಿದೆ.

"ನಾಕು ಕೆಲ್ಸ ಒಟ್ಟಿಗೆ ಹೇಳಿದ್ರೆ ಒಂದೂ ಆಗಲ್ರೀ ಅಕ್ಕೋರೆ. ಒಂದು ಹೇಳ್ತೀನಿ, ಅದು ಮುಗಿದ ಮ್ಯಾಲೆ ಇನ್ನೊಂದು. ನೀರು ತರಾಕೆ ಎಷ್ಟು ಸಲ ಕಳಿಸಿದ್ರೂ ಬ್ಯಾಸರಿಲ್ಲ. ಸುಮ್ನೆ ಕುಂದ್ರು ಅಂದ್ರೇ ಕಷ್ಟ."

ಆ ಭಾನುವಾರ ಒಂದು ಹತ್ತನ್ನು ಬಿಡಿಗಳಾಗಿ ಬಿಚ್ಚಿ ಕಳೆಯುವ ಪಾಠದ ಟಿಪ್ಪಣಿಯನ್ನು ಹರಿದು ಹೊಸದಾಗಿ ಬರೆದೆ. ನಲವತ್ತು ನಿಮಿಷವನ್ನು ಎಂಟೆಂಟು ನಿಮಿಷದ ತುಂಡು ಮಾಡಿ, ನಡುನಡುವೆ ಓಡಾಟ ಇಟ್ಟೆ. ರಟ್ಟಿನ ಮೇಲೆ ಸಾಲಾಗಿ ಚಿತ್ರ ಬರೆದೆ. ಕಿವಿ ಎಂದರೆ ಕೇಳುವುದು, ಕಾಲು ಎಂದರೆ ಓಡಾಡುವುದು, ಕೈ ಎಂದರೆ ಲೆಕ್ಕ ಮಾಡುವುದು, ಬಾಯಿ ಎಂದರೆ ಪಕ್ಕದವರಿಗೆ ಹೇಳುವುದು. ಈಗ ಯಾವುದು ಎಂದು ತೋರಿಸಲು ಬಟ್ಟೆಗೆ ಹಾಕುವ ಒಂದು ಕ್ಲಿಪ್ಪು.

ಮೊದಲ ದಿನ ಕೆಟ್ಟಿತು. ಕಾಲಿನ ಚಿತ್ರ ಬಂದಾಗ "ಓಡಾಡಿ ಬನ್ನಿ" ಎಂದೆ. ಹೋದವರು ಹತ್ತು ನಿಮಿಷವಾದರೂ ಬರಲಿಲ್ಲ. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತರು.

"ಏನ್ರೀ ಇದು, ಸಂತೆ ಆಗೈತಲ್ಲ?"

"ಒಂದು ವಾರ ನೋಡ್ತೀನಿ ಸರ್," ಎಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಹೊಳೆಯಿತು: ಓಡಾಟಕ್ಕೆ ಶುರು ಇತ್ತು, ಕೊನೆ ಇರಲಿಲ್ಲ. ಮರುದಿನ ಅದಕ್ಕೊಂದು ಕೆಲಸ ಕೊಟ್ಟೆ. ಹಿಂದಿನ ಗೋಡೆಯ ಹತ್ತಿರ ಹತ್ತತ್ತು ಕಡ್ಡಿಯ ಕಟ್ಟುಗಳಿರುತ್ತವೆ. ನಾನು ಇಪ್ಪತ್ತು ಎಣಿಸುವಷ್ಟರಲ್ಲಿ ತಂದು ಕೂರಬೇಕು. ಆ ಮೂವರು ಮಾತ್ರವಲ್ಲ, ಎಲ್ಲರೂ. ಚಿತ್ರ ಬದಲಾಗುವ ಮುಂಚೆ ಮೇಜಿಗೆ ಎರಡು ಸಲ ಬಡಿಯುತ್ತಿದ್ದೆ. ಕ್ಲಿಪ್ಪು ಸರಿಸುವುದು ಆ ಹುಡುಗಿಯ ಪಾಲಿಗೆ. ಚಿತ್ರಗಳ ಸಾಲನ್ನು ಒಂದು ದಿನವೂ ಬದಲಿಸಲಿಲ್ಲ.

ನಾಲ್ಕನೆಯ ದಿನ ಮಕ್ಕಳು ಲೆಕ್ಕ ಮಾಡುತ್ತಿದ್ದಾಗ ನಾನೇ ಏನೋ ವಿವರಿಸಲು ಹೊರಟೆ. ಅವಳು ತಲೆಯೆತ್ತಿದಳು.

"ಅಕ್ಕೋರೆ, ಈಗ ಕೈ ಐತೆ. ಕಿವಿ ಆಗ್ಲೇ ಮುಗೀತು."

ನಾನು ಬಾಯಿ ಮುಚ್ಚಿದೆ. ಅವಳು ಒಂದು ಕಟ್ಟು ಬಿಚ್ಚಿ, ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆದು ಇಪ್ಪತ್ತೈದು ಎಂದು ಬರೆದಳು. ಕಿಟಕಿಯ ಕಡೆ ಒಮ್ಮೆ ನೋಡಿದಳು, ಏಳಲಿಲ್ಲ.

ಮೂವರಲ್ಲಿ ಇನ್ನೊಬ್ಬನಿಗೆ ಎಂಟು ನಿಮಿಷವೂ ಜಾಸ್ತಿಯಾಗುತ್ತಿತ್ತು. ಅವನಿಗೆ ಒಂದು ಸಲಕ್ಕೆ ಒಂದೇ ಲೆಕ್ಕ ಕೊಡತೊಡಗಿದೆ. ಶನಿವಾರ ಹೆಡ್‌ಮಾಸ್ಟರು ಹಿಂದೆ ಕೂತು ಇಡೀ ಪಾಠ ನೋಡಿದರು. ಹೋಗುವಾಗ, "ಆ ರಟ್ಟು ಎರಡನೇ ಕ್ಲಾಸಿಗೂ ಒಂದು ಮಾಡಿಕೊಡ್ರಿ," ಎಂದರು.