ಉಪವಾಸ ಬೇರೆ, ಖಾಲಿ ಹೊಟ್ಟೆ ಬೇರೆ

ಬೆಂಗಳೂರಿನ ಇಂದಿರಾನಗರದ ಒಂದು ಆಸ್ಪತ್ರೆಯ ಅನುವಾದ ವಿಭಾಗದಲ್ಲಿ ಉಮಾಶ್ರೀ ಮೊಂಡಿ ಎಂದೇ ಹೆಸರಾಗಿದ್ದಳು. ಸುರಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಮಾನಪ್ಪನ ಮಗಳು, ಸಿ.ವಿ. ರಾಮನ್ ನಗರದ ಬಾಡಿಗೆ ಕೋಣೆಯಲ್ಲಿ ಬೆಳೆದು ಇಂಗ್ಲಿಷ್ ಎಂ.ಎ. ಮಾಡಿದವಳು. ಶಾಲೆಯಲ್ಲಿ ತನ್ನ ಕನ್ನಡ ಕೇಳಿ ನಕ್ಕವರಿಗೆಲ್ಲ ತಿರುಗುತ್ತರ ಕೊಟ್ಟೂ ಕೊಟ್ಟೂ ನಾಲಿಗೆ ಹರಿತವಾಗಿತ್ತು. ಕಚೇರಿಯಲ್ಲಿ ಬೆಂಗಳೂರಿನ ಮಾತೇ ಆಡುತ್ತಿದ್ದಳು. ಸಿಟ್ಟು ಬಂದಾಗ ಮಾತ್ರ ಊರಿನ ಮಾತು ಹೊರಬೀಳುತ್ತಿತ್ತು.

ಒಂದು ಬೆಳಿಗ್ಗೆ ವಾರ್ಡಿನಿಂದ ಅವಳಿಗೆ ಫೋನ್ ಬಂತು. ಕೆ.ಆರ್. ಪುರದ ಆಂಜನಮ್ಮನವರ ಪಿತ್ತಕೋಶದ ಆಪರೇಷನ್ ಕೊನೆಗಳಿಗೆಯಲ್ಲಿ ರದ್ದಾಗಿತ್ತು. ಅರಿವಳಿಕೆ ಡಾಕ್ಟರು ಕೇಳಿದಾಗ, ಬೆಳಿಗ್ಗೆ ಬಾಳೆಹಣ್ಣು ತಿಂದು ಹಾಲು ಕುಡಿದೆ ಎಂದಿದ್ದರಂತೆ. ಉಮಾಶ್ರೀ ಹೋದಾಗ ಆಕೆ ಆಸ್ಪತ್ರೆ ಕೊಟ್ಟ ಸೂಚನಾ ಪತ್ರ ಹಿಡಿದು ನರ್ಸ್ ಮೇಲೆ ಹರಿಹಾಯುತ್ತಿದ್ದರು.

"ಉಪವಾಸ ಇರಿ ಅಂತ ನೀವೇ ಬರ್ದಿದ್ದೀರಲ್ಲಮ್ಮ! ಇದ್ದೆ. ಏಕಾದಶಿ ದಿನ ಹಾಲು ಹಣ್ಣು ತಗೊಳಲ್ವಾ? ನಾನೇನು ಮುದ್ದೆ ಉಂಡ್ಕೊಂಡು ಬಂದ್ನಾ?"

ವಾರ್ಡಿನ ವರದಿಯಲ್ಲಿ ಆಗಲೇ ಬರೆದಾಗಿತ್ತು: ರೋಗಿ ಸೂಚನೆ ಪಾಲಿಸಲಿಲ್ಲ. ಉಮಾಶ್ರೀಗೆ ಮೈ ಉರಿಯಿತು.

ವಾಪಸ್ ಬಂದವಳೇ ಟ್ರಾನ್ಸ್‌ಲೇಷನ್ ಮೆಮೊರಿ ತೆರೆದಳು. ಹಿಂದೆ ಅನುವಾದವಾದ ಪ್ರತಿ ವಾಕ್ಯವನ್ನೂ ಮೂಲದ ಜೊತೆಗೇ ಇಟ್ಟುಕೊಂಡು, ಅದೇ ವಾಕ್ಯ ಮತ್ತೆ ಬಂದರೆ ಹಳೆಯ ಕನ್ನಡವನ್ನೇ ತಂದು ಕೂರಿಸುವ ತಂತ್ರಾಂಶ ಅದು. 'ಫಾಸ್ಟಿಂಗ್' ಎಂಬುದಕ್ಕೆ ಒಬ್ಬರು ಉಪವಾಸ, ಒಬ್ಬರು ನಿರಾಹಾರ, ಇನ್ನೊಬ್ಬರು ಖಾಲಿ ಹೊಟ್ಟೆ ಎಂದು ಬರೆದಿದ್ದರು. ನೂರಕ್ಕೆ ನೂರು ಹೊಂದಿಕೆ ಎಂದು ಪರದೆ ತೋರಿಸಿದ್ದನ್ನು ಯಾರೂ ಮತ್ತೆ ಓದುತ್ತಿರಲಿಲ್ಲ. ಓದಿ ಟೈಮ್ ಹಾಳುಮಾಡಬೇಡಿ ಎಂಬುದು ಮ್ಯಾನೇಜರ್ ಲಕ್ಷ್ಮಿಕಾಂತರ ಆಜ್ಞೆ.

"ಇಷ್ಟೇ ತಾನೆ?" ಎಂದರು ಲಕ್ಷ್ಮಿಕಾಂತ. "ಉಪವಾಸ ಅಂತ ಇರೋ ಕಡೆಯೆಲ್ಲ ಖಾಲಿ ಹೊಟ್ಟೆ ಅಂತ ರಿಪ್ಲೇಸ್ ಮಾಡಿ, ಸಂಜೆ ಪ್ರಿಂಟಿಗೆ ಕಳ್ಸಿ. ಇನ್ಸ್‌ಪೆಕ್ಷನ್ ಬರ್ತಿದೆ."

ಶಿವಾಜಿನಗರದ ಫಾಯಿಜಾ ಉರ್ದು ಅನುವಾದಕಿ. ಪಕ್ಕದ ಮೇಜಿನಿಂದಲೇ ತಲೆ ಎತ್ತಿದಳು. "ಸರ್, ರಂಜಾನಲ್ಲಿ ಶುಗರ್ ಇರೋರು ಹೇಗಿರ್ಬೇಕು ಅಂತ ಒಂದು ಪತ್ರ ಇದೆಯಲ್ಲ, ಅದ್ರಲ್ಲೂ ಉಪವಾಸ ಹೋಗ್ಬಿಡತ್ತೆ. ಅಲ್ಲಿ ಅದೇ ಕರೆಕ್ಟು."

"ಕೇಳಿದ್ರಾ ಸರ್? ಇಂಗ್ಲಿಷಲ್ಲಿ ಪದ ಒಂದೇ, ಅರ್ಥ ಮೂರು," ಎಂದಳು ಉಮಾಶ್ರೀ. "ಒಂದೊಂದಕ್ಕೂ ಗ್ಲಾಸರಿಯಲ್ಲಿ ಬೇರೆ ನಮೂದು ಬೇಕು. ಹಳೇ ಮೆಮೊರಿನೂ ತೊಳೀಬೇಕು. ಅಲ್ಲಿವರೆಗೆ ಪ್ರಿಂಟಿಗೆ ನಾನು ಸಹಿ ಹಾಕಲ್ಲ."

"ನಿಮ್ಮ ಇಷ್ಟ ಕೇಳ್ತಿಲ್ಲ ನಾನು."

"ಹಂಗಾದ್ರ ನೀವೇ ಹಾಕ್ರಿ. ನಾಳೆ ಯಾರಿಗರೆ ಏನರೆ ಆದ್ರ, ತಪ್ಪು ರೋಗಿದು ಅಂತ ಹೇಳಾಕ ನಾ ಬರಂಗಿಲ್ಲ."

ಲಕ್ಷ್ಮಿಕಾಂತ ಸಹಿ ಹಾಕಲಿಲ್ಲ; ಪ್ರಿಂಟ್ ಅಲ್ಲಿಗೇ ನಿಂತಿತು.

ಉಮಾಶ್ರೀ ಗ್ಲಾಸರಿಯ, ಅಂದರೆ ಒಪ್ಪಿದ ಪದಗಳ ಪಟ್ಟಿಯ, ಮೂರು ನಮೂದುಗಳಿಗೂ ಅರ್ಥ, ಬಳಸುವ ಜಾಗ, ಒಪ್ಪಿದ ಪದ, ಬಳಸಬಾರದ ಪದ ಎಂದು ಬರೆಯುತ್ತಾ ಹೋದಳು. ವ್ರತ, ರಂಜಾನ್ ರೋಜಾಗಳಿಗೆ ಉಪವಾಸವೇ ಉಳಿಯಿತು. ರಕ್ತ ಪರೀಕ್ಷೆಗೆ ಖಾಲಿ ಹೊಟ್ಟೆ. ಆಪರೇಷನ್‌ಗೆ 'ಏನೂ ತಿನ್ನಬಾರದು, ಕುಡಿಯಬಾರದು' ಎಂದು ಬರೆದು ಅರಿವಳಿಕೆ ಡಾಕ್ಟರಿಗೆ ತೋರಿಸಿದಾಗ ಅವರೇ ತಡೆದರು. "ಬರೀ ನೀರನ್ನ ನಾವು ಹೇಳೋ ಹೊತ್ತಿನವರೆಗೂ ಕುಡೀಬಹುದು. ಸುಮ್ನೆ ಅವರ ಬಾಯಿ ಒಣಗಿಸ್ಬೇಡಿ." ಉಮಾಶ್ರೀ ತಿದ್ದಿಕೊಂಡಳು: ಆಹಾರ ನಿಲ್ಲಿಸುವ ಹೊತ್ತು ಒಂದು, ನೀರು ನಿಲ್ಲಿಸುವ ಹೊತ್ತು ಇನ್ನೊಂದು. ಎರಡನ್ನೂ ಡಾಕ್ಟರೇ ತುಂಬಬೇಕು.

ಹೊಸ ತಾರೀಖು ಕೇಳಲು ಬಂದ ಆಂಜನಮ್ಮನವರಿಗೆ ಆ ಕರಡನ್ನು ಓದಿ ಹೇಳಿದಳು. 'ಅನ್ನ, ಹಣ್ಣು, ಹಾಲು ಯಾವುದೂ ಬೇಡ.'

"ಸರಿ. ಕಾಫಿ?"

"ಹಾಲು ಬೇಡ ಅಂದ್ಮೇಲೆ ಕಾಫಿ ಎಲ್ಲಿಂದ ಬಂತಮ್ಮ?"

"ಹಾಗಂತ ಬರೀರಿ ಮತ್ತೆ!"

ಕಾಫಿ, ಟೀ, ಮಜ್ಜಿಗೆಯೂ ಸೇರಿದವು.

ಗ್ಲಾಸರಿ ಬರೆದ ಮಾತ್ರಕ್ಕೆ ಮೆಮೊರಿಯೊಳಗಿನ ಹಳೆಯ ವಾಕ್ಯಗಳು ತಾವಾಗಿ ಬದಲಾಗುವುದಿಲ್ಲ. ಅನುವಾದಕರೆಲ್ಲ ಸೇರಿ ಆ ಪದವಿದ್ದ ವಾಕ್ಯಗಳನ್ನೆಲ್ಲ ಹೆಕ್ಕಿ, ಸಂದರ್ಭ ನೋಡಿ, ಒಂದೊಂದಾಗಿ ತಿದ್ದಿದರು. ಇನ್ನೂ ಯಾರೂ ಪರಿಶೀಲಿಸದ ಉಳಿದ ಮೆಮೊರಿಗೆ ಉಮಾಶ್ರೀ ಹೊಂದಿಕೆಯ ಅಂಕದಲ್ಲಿ ಕಡಿತ ಹಾಕಿದಳು. ಇನ್ನು ಅದು ನೂರು ತೋರಿಸುವ ಹಾಗಿಲ್ಲ, ಅನುವಾದಕರು ಕಣ್ಣಿಟ್ಟು ನೋಡಲೇಬೇಕು. ಆಪರೇಷನ್ ಕಡತದಲ್ಲಿ ಯಾರಾದರೂ ಉಪವಾಸ ಎಂದು ಬರೆದರೆ ತಂತ್ರಾಂಶವೇ ಎಚ್ಚರಿಸುವಂತೆಯೂ ಆಯಿತು.

ಇನ್ಸ್‌ಪೆಕ್ಷನ್ ದಿನ ಹೊಸ ಪತ್ರ ಇನ್ನೂ ಪ್ರಿಂಟ್ ಆಗಿರಲಿಲ್ಲ. ನರ್ಸ್‌ಗಳು ಬಾಯಲ್ಲೇ ಹೇಳಿ ನಿಭಾಯಿಸಿದರು. ಲಕ್ಷ್ಮಿಕಾಂತ ಮುಖ ಗಂಟುಹಾಕಿಕೊಂಡೇ ಓಡಾಡಿದರು. ಆಮೇಲಿನ ಮೀಟಿಂಗಿನಲ್ಲಿ ಉಮಾಶ್ರೀ 'ಸೂಚನೆ ಪಾಲಿಸಲಿಲ್ಲ' ಎಂಬ ಆಂಜನಮ್ಮನವರ ವರದಿ ತಿದ್ದಬೇಕೆಂದಳು.

"ಹಾಗಾದ್ರೆ ಅನುವಾದದ ತಪ್ಪು ಅಂತ ಬರೀಲಾ?" ಎಂದು ವಾರ್ಡಿನ ಮುಖ್ಯಸ್ಥೆ ಕೆಣಕಿದರು.

"ಬರೀರಿ ಮೇಡಂ. ನಮ್ಮ ತಪ್ಪು ನಮ್ಮ ಹೆಸರಲ್ಲೇ ಇರ್ಲಿ."

ವರದಿ ಬದಲಾಯಿತು. ಆಂಜನಮ್ಮನವರ ಆಪರೇಷನ್ ಮುಂದಿನ ವಾರ ಸಲೀಸಾಗಿ ಮುಗಿಯಿತು. ಉಮಾಶ್ರೀಯ ವಾರ್ಷಿಕ ಮೌಲ್ಯಮಾಪನದಲ್ಲಿ 'ಹೊಂದಿಕೊಳ್ಳುವ ಗುಣ ಸಾಲದು' ಎಂದಿತ್ತು. ಅವಳು ಬೇಸರಪಟ್ಟಳು; ಆದರೆ ಬದಲಾಗಲಿಲ್ಲ. ಮರುದಿನವೇ 'ನೆಗೆಟಿವ್' ಎಂಬ ಪದ ಹಿಡಿದು ಕೂತಳು. ರಿಪೋರ್ಟ್ ನೆಗೆಟಿವ್ ಎಂದರೆ ಏನೋ ಕೆಟ್ಟದ್ದಾಯಿತೆಂದು ಅಳುವವರನ್ನು ಫಾಯಿಜಾ ನೋಡಿದ್ದಳು.

"ಮತ್ತೆ ಶುರು ಮಾಡಿದ್ರಾ?" ಎಂದರು ಲಕ್ಷ್ಮಿಕಾಂತ.

"ಹೌದ್ರಿ ಸರ್," ಎಂದು ಅವಳು ಅವರಿಗೂ ಒಂದು ಕುರ್ಚಿ ಎಳೆದಳು.