ಉಂಗುರ ಹೋದ ಮೇಲಿನ ಕೆಲಸ

ಬೆಳಕು ಹರಿಯುವ ಮೊದಲು ಅವಳು ಮಾಡಿ ಮುಗಿಸಬೇಕಾದ ಕೆಲಸಗಳು ಇವು. ಹಾಲು ಕಾಯಿಸುವುದು, ಉಕ್ಕದಂತೆ ಪಕ್ಕದಲ್ಲೇ ನಿಲ್ಲುವುದು. ಅತ್ತೆಯ ಮಾತ್ರೆಗಳಲ್ಲಿ ತಿಂಡಿಗೆ ಮುಂಚಿನವು, ತಿಂಡಿ ಆದ ಮೇಲಿನವು ಎಂದು ಬೇರೆ ಮಾಡಿ ಬಟ್ಟಲಿಗೆ ಹಾಕುವುದು. ತರಕಾರಿ ಹೆಚ್ಚುವುದು. ನೆನೆಸಿಟ್ಟ ಪಾತ್ರೆ ತಿಕ್ಕುವುದು. ಗಂಡನ ಅಂಗಿಗೆ ಇಸ್ತ್ರಿ ಹಾಕುವುದು. ಕಾಲರಿನಲ್ಲಿ ಒಂದು ಸುಕ್ಕು ಉಳಿದರೂ ಅವನು ಬಾಯಿಬಿಟ್ಟು ಹೇಳುವುದಿಲ್ಲ, ಅಂಗಿಯನ್ನು ಕುರ್ಚಿಯ ಮೇಲೆ ಎಸೆದು ಹೋಗುತ್ತಾನೆ. ಆಮೇಲೆ ಚಪ್ಪಲಿ ಮೆಟ್ಟಿ, ಕ್ವಾರ್ಟರ್ಸಿನ ಗೇಟು ದಾಟಿ, ಎದುರಿನ ಪ್ರಯೋಗಾಲಯಕ್ಕೆ ಹೋಗಿ, ರಾತ್ರಿಯಿಡೀ ಬೆಳೆದು ಮಂಕಾಗಿ ಕೂತ ಬ್ಯಾಕ್ಟೀರಿಯಾಗಳಲ್ಲಿ ಒಂದಿಷ್ಟನ್ನು ಹೊಸ ಪೋಷಕ ದ್ರವಕ್ಕೆ ಬಿಡುವುದು. ಉಳಿದವರು ಬರುವ ಹೊತ್ತಿಗೆ ಅವು ಚುರುಕಾಗಿ ಒಂದು ಎರಡಾಗುತ್ತ, ಎರಡು ನಾಲ್ಕಾಗುತ್ತ ಇರಬೇಕು. ಇರುತ್ತವೆ. ತಾವಾಗಿಯೇ ಹಾಗಿರುತ್ತವೆ ಎಂದು ಎಲ್ಲರೂ ನಂಬಿದ್ದಾರೆ, ಮನೆಯಲ್ಲಿ ಹಾಲು ತಾನಾಗಿಯೇ ಕಾಯುತ್ತದೆ ಎಂದು ನಂಬಿರುವ ಹಾಗೆ.

ಆ ಪ್ರಯೋಗಾಲಯದ ಮುಖ್ಯಸ್ಥ ಅವಳ ಗಂಡನೇ. ಇಬ್ಬರೂ ಡಾಕ್ಟರೇಟು ಪಡೆದವರು. ಅವನು ಪ್ರೊಫೆಸರಾದ, ಅವಳು, ಮಗು ಹುಟ್ಟಿ, ಮಾವ ಹಾಸಿಗೆ ಹಿಡಿದು, ಮಗು ಬೆಳೆದು ಹಾಸ್ಟೆಲಿಗೆ ಹೋಗುವಷ್ಟರಲ್ಲಿ, ವರ್ಷ ವರ್ಷವೂ ಅವನ ಸಹಿ ಬಿದ್ದರೆ ಮಾತ್ರ ಮುಂದುವರಿಯುವ ಗುತ್ತಿಗೆಯ ಕೆಲಸದಲ್ಲಿ ನಿಂತಳು. ಸೂಕ್ಷ್ಮದರ್ಶಕದ ಕೋಣೆ ಅವಳದು. ಅದರಲ್ಲಿ ದೀಪ ಹಾಕುವ ಹಾಗಿಲ್ಲವಾದ್ದರಿಂದ ಹುಡುಗರು ಅವಳಿಗೆ ಕತ್ತಲಮ್ಮ ಎಂದು ಹೆಸರಿಟ್ಟಿದ್ದರು. ಅವಳಿಗೆ ಅದು ಗೊತ್ತಿತ್ತು. ಹೆಸರಿಗಿಂತ ಇಟ್ಟವರನ್ನು ನೋಡಿ ಅವಳಿಗೆ ನಗು ಬರುತ್ತಿತ್ತು. ಸ್ಲೈಡಿನ ಮೇಲೆ ಅಗರೋಸ್ ಎಂಬ ಅಂಟನ್ನು ಸಮನಾಗಿ ತೆಳ್ಳಗೆ ಹೊಯ್ಯಲು ಬಾರದವರೆಲ್ಲ ಹೆಸರಿಡುವುದರಲ್ಲಿ ಗಟ್ಟಿಗರು.

ಈ ಸಲ ಲೇಖಕರಲ್ಲಿ ಅವಳ ಹೆಸರೂ ಇದ್ದ ಒಂದು ಲೇಖನ ದೊಡ್ಡ ವಿಜ್ಞಾನ ಪತ್ರಿಕೆಗೆ ಹೋಗುವುದಿತ್ತು. ಅದು ಬಂದರೆ ಅವಳ ಕೆಲಸ ಕಾಯಂ ಆಗುತ್ತದೆ ಎಂದು ಆಡಳಿತ ಕಚೇರಿಯವರೇ ಬರೆದು ತಿಳಿಸಿದ್ದರು. ಗಂಡ ಅದನ್ನು ತಾನು ಕೊಟ್ಟ ಉಡುಗೊರೆಯಂತೆ ಎರಡು ಮೂರು ಸಲ ಎತ್ತಿ ಆಡಿದ್ದ.

ಲೇಖನದ ವಿಷಯ ಒಂದು ಉಂಗುರ. ಕಡ್ಡಿಯಂಥ ಬ್ಯಾಕ್ಟೀರಿಯಾ ಎರಡಾಗುವ ಮುನ್ನ, ಅದರ ನಟ್ಟನಡುವೆ, ಪೊರೆಯ ಒಳಮೈಗೆ ಅಂಟಿಕೊಂಡು, ಒಂದು ಪ್ರೋಟೀನಿನ ತುಣುಕು ಎಳೆಗಳು ಸೇರಿ ಉಂಗುರವಾಗುತ್ತವೆ. ತುದಿಗಳಲ್ಲಿ ಅದು ಕಟ್ಟಿಕೊಳ್ಳದ ಹಾಗೆ ಓಡಿಸುತ್ತ, ಆ ಕೊನೆಯಿಂದ ಈ ಕೊನೆಗೆ ಓಡಾಡುವ ಕಾವಲಿನ ಪ್ರೋಟೀನುಗಳು ಬೇರೆ ಇವೆ. ಹೊಳೆಯುವ ಗುರುತು ಅಂಟಿಸಿದರೆ ಉಂಗುರ ಹಸಿರಾಗಿ ಕಾಣುತ್ತದೆ. ಪಕ್ಕದಿಂದ ನೋಡುವುದರಿಂದ ಅಡ್ಡಗೆರೆಯಂತೆ. ಕೋಶದ ಸೊಂಟ ಸಣ್ಣಗಾದಂತೆ ಗೆರೆಯೂ ಚಿಕ್ಕದಾಗಿ ಕೊನೆಗೆ ಚುಕ್ಕೆಯಾಗುತ್ತದೆ. ಇದನ್ನು ನೋಡಿದ ಪ್ರೊಫೆಸರ್, ಸಂಚಿಯ ಬಾಯಿಗೆ ಹಾಕಿದ ಲಾಡಿಯಂತೆ ಉಂಗುರವೇ ಎಳೆದೆಳೆದು ಕೋಶವನ್ನು ಎರಡು ಮಾಡುತ್ತದೆ ಎಂದು ಬರೆದಿದ್ದ. ಮೊದಲಿನಿಂದ ಕೊನೆಯವರೆಗೆ, ಉಂಗುರವೊಂದೇ.

ಅವಳು ಚಿತ್ರ ತೆಗೆದಿದ್ದಳು. ಕೊನೆಯವರೆಗೆ ತೆಗೆದಿದ್ದಳು, ಅಲ್ಲೇ ತೊಡಕಾದದ್ದು.

ಆ ದಿನ ಬೆಳಗಿನ ಸಭೆಯಲ್ಲಿ ಅವಳು ಅದನ್ನು ಗೋಡೆಯ ಪರದೆಯ ಮೇಲೆ ತೋರಿಸಿದಳು. ಪ್ರೊಫೆಸರ್ ಮುಂದಿನ ಕುರ್ಚಿಯಲ್ಲಿ. ಪಕ್ಕದಲ್ಲಿ ಲಾಡಿಯ ಸಿದ್ಧಾಂತಕ್ಕೆ ಸಮೀಕರಣ ಹೊಸೆದುಕೊಟ್ಟ ಗಣಿತದ ಸಂಶೋಧಕ. ಅವನ ಮಾತಿನಲ್ಲಿ ‘ಹೌದು ಸರ್’ ಬಿಟ್ಟರೆ ಬೇರೆ ಕಡಿಮೆಯಿದ್ದುದರಿಂದ ಅವಳು ಅವನನ್ನು ಮನಸ್ಸಿನಲ್ಲೇ ಹೌದಪ್ಪ ಎಂದು ಕರೆಯುತ್ತಿದ್ದಳು.

ಪರದೆಯ ಮೇಲೆ ಹಸಿರು ಗೆರೆ ಕುಗ್ಗಿತು. ಚುಕ್ಕೆಯಾಯಿತು. ಚುಕ್ಕೆ ಚದುರಿ ಮಾಯವಾಯಿತು. ಸೊಂಟ ಮಾತ್ರ ಇನ್ನೂ ಅಂಟಿಕೊಂಡೇ ಇತ್ತು.

“ಇಲ್ಲಿ ನೋಡಿ,” ಎಂದಳು. “ಉಂಗುರ ಹೋಗಿದೆ. ಕೋಶ ಇನ್ನೂ ಎರಡಾಗಿಲ್ಲ.”

“ನಿನಗೆ ಹಾಗನ್ನಿಸುತ್ತೆ,” ಎಂದ ಪ್ರೊಫೆಸರ್. ಹೊರಗಿನವರಿದ್ದರೆ ‘ನೀವು’ ಎನ್ನುತ್ತಿದ್ದ, ಹೌದಪ್ಪ ಹೊರಗಿನವನಲ್ಲ.

“ಅನ್ನಿಸೋದಲ್ಲ. ಕೋಶದ ತುಂಬ ಕೆಂಪಗೆ ಹೊಳೆಯೋ ಪ್ರೋಟೀನು ಬಿಟ್ಟಿದ್ದೀನಿ. ಉಂಗುರ ಹೋದ ಮೇಲೆ ಎಡಗಡೆ ಅರ್ಧಕ್ಕೆ ಮಾತ್ರ ಲೇಸರ್ ಹೊಡೆದು, ಅಲ್ಲಿನ ಕೆಂಪು ಆರಿಸ್ತಾ ಹೋದೆ. ಬಲಗಡೆ ಅರ್ಧವೂ ಮಂಕಾಯ್ತು. ಅಂದ್ರೆ ಬಲಗಡೆಯ ಕೆಂಪು ಎಡಗಡೆಗೆ ಹರಿದು ಬರ್ತಾ ಇದೆ. ನಡುವಿನ ಬಾಗಿಲು ಇನ್ನೂ ಮುಚ್ಚಿಲ್ಲ.”

“ಯಾವುದೋ ಒಂದು ಸೋಮಾರಿ ಕೋಶ ಇರಬೇಕು.”

“ನೋಡಿದ್ದೆಲ್ಲ ಹೀಗೇ ಇದೆ. ಇನ್ನೂ ಒಂದಿದೆ. ನಡುಗೋಡೆ ಕಟ್ಟೋ ಕಿಣ್ವವನ್ನ ಔಷಧಿ ಹಾಕಿ ನಿಲ್ಲಿಸಿದೆ. ಉಂಗುರ ಜಾಗದಲ್ಲೇ ಕೂತಿತ್ತು, ಹೊಳೀತಾನೇ ಇತ್ತು. ಕೋಶ ಎರಡಾಗ್ಲೇ ಇಲ್ಲ, ಸುಮ್ಮನೆ ಉದ್ದ ಬೆಳೀತು. ಉಂಗುರ ಬೇಕೇ ಬೇಕು. ಬೇಡ ಅಂತ ಯಾರೂ ಹೇಳ್ತಿಲ್ಲ. ಅದಿಲ್ಲದೆ ಕೆಲಸ ಶುರುವೇ ಆಗಲ್ಲ. ಅದರ ಎಳೆಗಳು ಒಂದು ತುದೀಲಿ ಸೇರ್ತಾ, ಇನ್ನೊಂದು ತುದೀಲಿ ಕಳಚ್ತಾ ಸುತ್ತು ಹೊಡೆಯುತ್ತೆ. ಗೋಡೆ ಕಟ್ಟೋರನ್ನ ಆ ಸುತ್ತಲೂ ನಡೆಸುತ್ತೆ. ಆದ್ರೆ ಒಳಮುಖವಾಗಿ ಗೋಡೆ ಕಟ್ಟೋರು ಅವರು. ಅವರು ನಿಂತ್ರೆ ಎಲ್ಲ ನಿಂತ ಹಾಗೆ.”

ಹೌದಪ್ಪ ಕೆಮ್ಮಿದ. “ಮೇಡಂ, ನನ್ನ ಸಮೀಕರಣದಲ್ಲಿ ಗೋಡೆ ಇಲ್ವಲ್ಲ.”

“ಅದು ಸಮೀಕರಣದ ಕಷ್ಟ. ಬ್ಯಾಕ್ಟೀರಿಯಾದ್ದಲ್ಲ.”

ಅವನು ಪ್ರೊಫೆಸರ್ ಮುಖ ನೋಡಿದ, ನಗಬೇಕೋ ಬೇಡವೋ ಎಂದು ತಿಳಿಯಲು. ಪ್ರೊಫೆಸರ್ ನಗಲಿಲ್ಲ. ಅವನೂ ನಗಲಿಲ್ಲ.

“ಚುಕ್ಕೆ ಆಗೋವರೆಗೆ ಇಟ್ಟುಕೊಂಡು, ಆಮೇಲಿನ ಚೂರು ಕತ್ತರಿಸಿ ಹಾಕು,” ಎಂದು ಪ್ರೊಫೆಸರ್ ಹೌದಪ್ಪನಿಗೇ ಹೇಳಿದ. “ನೋಡೋರಿಗೆ ಗೊಂದಲ ಬೇಡ. ಔಷಧಿಯದ್ದು ಸೇರಿಸಲೇ ಬೇಡ.” ಎದ್ದ. ಅವನ ಟೀ ಕಪ್ಪು ಮೇಜಿನ ಮೇಲೆಯೇ ಉಳಿಯಿತು. ಹೌದಪ್ಪನದೂ ಅದರ ಪಕ್ಕದಲ್ಲಿ. ಸಮೀಕರಣದಲ್ಲಿ ಕಪ್ಪು ತೊಳೆಯುವುದೂ ಇರಲಿಲ್ಲವೆಂದು ಕಾಣುತ್ತದೆ.

ಅವಳು ಕಪ್ಪುಗಳನ್ನು ಅಲ್ಲಿಯೇ ಬಿಟ್ಟಳು. ಅವು ಸಂಜೆಯವರೆಗೂ ಹಾಗೇ ಇದ್ದವು. ದಾಟಿ ಹೋದವರೆಲ್ಲ, ಇದೇನಿದು ಯಾರೂ ತೆಗೆದಿಲ್ಲವಲ್ಲ ಎಂಬ ಮುಖ ಮಾಡಿ ಹೋದರು.

ಮಧ್ಯಾಹ್ನ ಊಟಕ್ಕೆ ಇಬ್ಬರೂ ಮನೆಗೆ ಬಂದರು. ಅವನು ನೇರ ಮೇಜಿಗೆ; ಅವಳು ನೇರ ಒಲೆಗೆ.

“ಏನಮ್ಮಾ, ಮುಖ ಊದಿಸಿಕೊಂಡಿದ್ದೀಯ?” ಎಂದರು ಅತ್ತೆ.

“ನಿಮ್ಮ ಮಗ ನನ್ನ ಚಿತ್ರ ಕತ್ತರಿಸಿದ್ರು ಅತ್ತೆ.”

“ಅಯ್ಯೋ, ಚಿತ್ರ ತಾನೇ. ಇನ್ನೊಂದು ತೆಗೆದ್ರಾಯ್ತು.”

“ಅಮ್ಮನಿಗೂ ಅರ್ಥ ಆಗುತ್ತೆ ನೋಡು,” ಎಂದ ಅವನು, ತಟ್ಟೆ ಮುಂದೆ ತಳ್ಳಿ. “ಲೇಖನ ಆಗಲೇ ಕಳಿಸಿಯೂ ಆಯ್ತು. ಪತ್ರಿಕೆಯಿಂದ ಒಪ್ಪಿಗೆ ಕೇಳಿ ನಿನಗೊಂದು ಮೇಲ್ ಬರುತ್ತೆ. ಒಪ್ಪಿದೀನಿ ಅಂತ ಒತ್ತಿಬಿಡು. ಸಂಜೆಯೊಳಗೆ.”

“ಕೊನೆಯ ಚೂರು ಇಲ್ದೇ?”

“ನಿನಗೆ ಕಾಯಂ ಕೆಲಸ ಬೇಕೋ ಬೇಡ್ವೋ? ನನಗಾಗಿ ಮಾಡ್ತಿದೀನಾ ಇದೆಲ್ಲ?”

“ಮತ್ತೆ ಯಾರಿಗಾಗಿ?”

“ಬಾಯಿಗೆ ಬಾಯಿ ಕೊಡಬೇಡ. ಉಪ್ಪು ಕಡಿಮೆ ಆಗಿದೆ.”

ಉಪ್ಪಿನ ಡಬ್ಬಿ ಅವನ ಮೊಣಕೈಗೆ ತಾಗುವಷ್ಟು ಹತ್ತಿರವಿತ್ತು. ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು. ಜಗತ್ತಿನ ಅತಿ ಸಣ್ಣ ಜೀವಿಯ ಒಳಗೆ ಯಾರು ಯಾರನ್ನು ಎಳೆಯುತ್ತಾರೆಂದು ದೇಶ ದೇಶ ಸುತ್ತಿ ಭಾಷಣ ಮಾಡುವ ಗಂಡಸಿಗೆ ಮೇಜಿನ ಮೇಲಿನ ಡಬ್ಬಿ ಕಾಣಿಸಲಿಲ್ಲ. ಅವನು ಕೈ ತೊಳೆದು ಹೊರಟ. ಅವನ ಮಟ್ಟಿಗೆ ಊಟ ಮುಗಿದಿತ್ತು. ಮೇಜು ಒರೆಸುವುದು, ಉಳಿದದ್ದನ್ನು ಸಣ್ಣ ಪಾತ್ರೆಗೆ ಬಗ್ಗಿಸುವುದು, ಅತ್ತೆಗೆ ಊಟ ಆದ ಮೇಲಿನ ಮಾತ್ರೆ, ಇವೆಲ್ಲ ಊಟದ ಲೆಕ್ಕಕ್ಕೆ ಬರುವುದಿಲ್ಲ.

ಹಿಂದಿನ ಲೇಖನಗಳ ಒಪ್ಪಿಗೆಯನ್ನೆಲ್ಲ ಅವಳ ಪರವಾಗಿ ಅವನೇ ಒತ್ತಿದ್ದ. ಮನೆಯ ಕಂಪ್ಯೂಟರಿನಲ್ಲೂ ಅವನ ಕಚೇರಿಯದರಲ್ಲೂ ಅವಳ ಮೇಲ್ ಸದಾ ತೆರೆದೇ ಇರುತ್ತಿತ್ತು. ಅವಳು ಅಡುಗೆಮನೆಯಲ್ಲಿರುವಾಗ ‘ಒತ್ತಿದೀನಿ ಕಣೇ’ ಎಂದು ಒಂದು ಕೂಗು, ಅಷ್ಟೆ. ಅವಳೂ ‘ಹ್ಞೂಂ’ ಎನ್ನುತ್ತಿದ್ದಳು. ಆ ಹ್ಞೂಂಗಳನ್ನು ನೆನೆದರೆ ಅವಳಿಗೆ ಅವನ ಮೇಲಿನಷ್ಟೇ ತಾತ್ಸಾರ ತನ್ನ ಮೇಲೂ ಹುಟ್ಟುತ್ತಿತ್ತು. ಈಗ ಪತ್ರಿಕೆಯವರು ನಿಯಮ ಬದಲಿಸಿ, ಒಪ್ಪಿಗೆಗೆ ಮುಂಚೆ ಆಯಾ ಲೇಖಕರ ಫೋನಿಗೆ ಒಂದು ಸಂಖ್ಯೆ ಕಳಿಸುತ್ತಿದ್ದರು.

ಅವಳು ಕತ್ತಲೆಕೋಣೆಗೆ ಹಿಂದಿರುಗಿ ಹೊಸ ಸ್ಲೈಡು ಇಡುತ್ತಿರುವಾಗ ಫೋನು ಬಡಿದುಕೊಂಡಿತು.

“ಒಂದು ನಂಬರ್ ಬಂದಿರುತ್ತೆ ನೋಡು, ಹೇಳು,” ಎಂದ ಗಂಡ. “ನಾನೇ ಒತ್ತಿಬಿಡ್ತೀನಿ. ನೀನು ಮರೀತೀಯ.”

“ನಾನು ಏನು ಮರೆತಿದ್ದೀನಿ ಇಷ್ಟು ವರ್ಷದಲ್ಲಿ?”

“ಸರಿ ಸರಿ, ಹೇಳು.”

“ಕೈಗೆ ಗ್ಲೌಸ್ ಹಾಕಿದೀನಿ ರೀ. ಆಮೇಲೆ.”

“ಆಮೇಲೆ ಅಂದ್ರೆ ಯಾವಾಗ? ಇದು ತಪ್ಪಿದ್ರೆ ಮುಂದಿನ ವರ್ಷದ ನಿನ್ನ ಗುತ್ತಿಗೆಗೆ ನಾನು ಸಹಿ ಹಾಕೋದೂ ಕಷ್ಟ. ತಿಳ್ಕೋ.”

ಅವಳು ಫೋನನ್ನು ಮೇಜಿನ ಮೇಲೆ ಮಗುಚಿ ಹಾಕಿದಳು. ಇಷ್ಟು ದಿನ ಸುತ್ತಿ ಬಳಸಿ ಆಡಿದ್ದನ್ನು ಅವನು ಕಡೆಗೂ ನೇರವಾಗಿ ಹೇಳಿದ್ದ. ಒಪ್ಪಿದರೆ ಕಾಯಂ ಕೆಲಸ. ಒಪ್ಪದಿದ್ದರೆ ಈಗಿರುವುದೂ ಇಲ್ಲ. ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಅವನು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಪರದೆಯ ಮೇಲೆ ಒಂದು ಕೋಶದ ಗೆರೆ ಚುಕ್ಕೆಯಾಗುವುದರಲ್ಲಿತ್ತು. ಮಾಯವಾಯಿತು. ಇಷ್ಟಾದರೆ ಸಾಕೆಂದು ಹೌದಪ್ಪ ಕತ್ತರಿ ಆಡಿಸಿದ್ದು ಇಲ್ಲಿಯೇ. ಅವಳು ಕದಲದೆ ಕೂತಳು. ಹಸಿರು ಎರಡೂ ಅರ್ಧಗಳಲ್ಲಿ ತೆಳುವಾಗಿ ಹರಡಿತ್ತು. ಗೋಡೆ ಕಟ್ಟುವ ಕೆಲಸ ಮಾಡುತ್ತಿದ್ದ ಕಿಣ್ವಗಳಿಗೆ ಅವಳು ಹೊಳಪು ಅಂಟಿಸಿರಲಿಲ್ಲ, ಹಾಗಾಗಿ ಅಲ್ಲಿ ಏನೂ ನಡೆಯುತ್ತಿಲ್ಲವೆಂದೇ ಕಾಣುತ್ತಿತ್ತು. ಆದರೂ ಸೊಂಟ ಇನ್ನಷ್ಟು ಸಣ್ಣಗಾಯಿತು. ಅವಳು ಎಡ ಅರ್ಧಕ್ಕೆ ಲೇಸರ್ ತಿರುಗಿಸಿದಳು. ಎಡಗಡೆಯ ಕೆಂಪು ಆರಿತು. ಬಲಗಡೆಯದು ಹಾಗೆಯೇ ಉರಿಯುತ್ತ ಉಳಿಯಿತು. ಬಾಗಿಲು ಮುಚ್ಚಿತ್ತು. ಅಷ್ಟರಲ್ಲಿ ಎರಡು ಮರಿಕೋಶಗಳಲ್ಲೂ ಒಂದೊಂದರ ನಟ್ಟನಡುವೆ ಹೊಸ ಹಸಿರು ಕೂಡಿಕೊಳ್ಳತೊಡಗಿತ್ತು.

ಅವಳು ಗ್ಲೌಸ್ ಬಿಚ್ಚಿ ಕಸದ ಡಬ್ಬಿಗೆ ಹಾಕಿದಳು. ಪತ್ರಿಕೆಯ ಮೇಲ್ ತೆರೆದು, ಫೋನಿನಲ್ಲಿದ್ದ ಸಂಖ್ಯೆಯನ್ನು ತುಂಬಿದಳು. ಎರಡು ಗುಂಡಿಗಳು ಕಂಡವು. ಫೋನು ಮತ್ತೆ ಬಡಿದುಕೊಳ್ಳುತ್ತಿತ್ತು. ಅಡ್ಡ ಬಂದ ಅದನ್ನು ಮೇಜಿನ ಮೂಲೆಗೆ ಸರಿಸಿದಳು.

‘ಒಪ್ಪುವುದಿಲ್ಲ’ ಎಂಬುದನ್ನು ಒತ್ತಿದಳು. ಕಾರಣ ಬರೆಯಿರಿ ಎಂದು ಕೆಳಗೊಂದು ಚೌಕ ತೆರೆದುಕೊಂಡಿತು. ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಕತ್ತರಿಸಿ ಎಸೆದ ಚೂರನ್ನೂ ಔಷಧಿಯ ಪ್ರಯೋಗವನ್ನೂ ಮೊದಲು ಲಗತ್ತಿಸಿ, ಉಂಗುರ ಹೋದ ಮೇಲೆ ಏನೇನಾಗುತ್ತದೆ ಎಂಬುದನ್ನು ಬರೆಯತೊಡಗಿದಳು.